ನೋಟಿಸ್ ಅವಧಿಯ ಬೈಔಟ್ ಹಣ: ಹೊಸ ಕಂಪನಿ ಕೊಟ್ಟದ್ದಕ್ಕೂ ತೆರಿಗೆ ಏಕೆ?

ಪ್ರಶ್ನೆ: ಸರ್, ನಾನು 2025ರ ಸೆಪ್ಟೆಂಬರ್ 30ಕ್ಕೆ ಹಳೆಯ ಕಂಪನಿ ಬಿಟ್ಟು ಅಕ್ಟೋಬರ್ 1ರಿಂದ ಹೊಸ ಕಂಪನಿಗೆ ಸೇರಿದೆ. 90 ದಿನದ ನೋಟಿಸ್‌ನಲ್ಲಿ 30 ದಿನ ಮಾತ್ರ ಕೆಲಸ ಮಾಡಿದ್ದರಿಂದ ಉಳಿದ 60 ದಿನಕ್ಕೆ 3 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಸೆಪ್ಟೆಂಬರ್ ಸಂಬಳ ಒಂದೂವರೆ ಲಕ್ಷವನ್ನು ಅವರೇ ಹಿಡಿದುಕೊಂಡರು, ಉಳಿದ ಒಂದೂವರೆ ಲಕ್ಷ ನಾನು ಬ್ಯಾಂಕ್ ಮೂಲಕ ಕಟ್ಟಿದೆ. ಹೊಸ ಕಂಪನಿ ಪೂರ್ತಿ ಮರುಪಾವತಿ ಮಾಡುತ್ತೇವೆ ಎಂದು ಆಫರ್ ಲೆಟರ್‌ನಲ್ಲೇ ಬರೆದಿತ್ತು. ನವೆಂಬರ್ ಸಂಬಳದ ಜೊತೆ ಆ ಬಾಬ್ತು ಕೈಗೆ ಬಂದದ್ದು 2,22,000 ಮಾತ್ರ. 78,000 ತೆರಿಗೆಗೆ ಹೋಯಿತು ಎನ್ನುತ್ತಾರೆ. ಇದು ನಾನು ಕಳೆದುಕೊಂಡ ಹಣವೇ ವಾಪಸ್ ಬಂದದ್ದಲ್ಲವೇ? ಇದಕ್ಕೆ ತೆರಿಗೆ ಹೇಗೆ? ಹಳೆಯ ಸಂಬಳ ತಿಂಗಳಿಗೆ 1.5 ಲಕ್ಷ, ಹೊಸದು 2 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿದ್ದೇನೆ. ಹಳೆಯ ಕಂಪನಿಯ ಫಾರ್ಮ್ 16 ಇನ್ನೂ ಬಂದಿಲ್ಲ.

ಉತ್ತರ: ಹೊಸ ಕಂಪನಿ 78,000 ಹಿಡಿದದ್ದು ಕಾನೂನಿನ ಪ್ರಕಾರ ಸರಿಯಾಗಿದೆ, ಲೆಕ್ಕವೂ ಸರಿಯಾಗಿದೆ. ಆದರೂ ನಿಮಗೆ ನಷ್ಟವಾಗಿದೆ ಎಂಬ ನಿಮ್ಮ ಅನಿಸಿಕೆ ತಪ್ಪಲ್ಲ. ಆ ನಷ್ಟ ಹುಟ್ಟುವುದು ಹೊಸ ಕಂಪನಿಯ ಪೇಸ್ಲಿಪ್‌ನಲ್ಲಿ ಅಲ್ಲ, ಹಳೆಯ ಕಂಪನಿಯ ಲೆಕ್ಕದಲ್ಲಿ. ಹೊಸ ಕಂಪನಿ ಕೊಟ್ಟ 3 ಲಕ್ಷ ನಿಮ್ಮ ಆದಾಯಕ್ಕೆ ಸೇರುತ್ತದೆ, ಹಳೆಯ ಕಂಪನಿ ಹಿಡಿದ 3 ಲಕ್ಷ ಸಾಮಾನ್ಯವಾಗಿ ನಿಮ್ಮ ಆದಾಯದಿಂದ ಕಳೆಯುವುದಿಲ್ಲ. ಎರಡೂ ಕಡೆ ಒಂದೇ ರೀತಿ ಲೆಕ್ಕ ಹಾಕಿದ್ದರೆ ತೆರಿಗೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಒಂದು ಕಡೆ ಕೂಡಿಸಿ ಇನ್ನೊಂದು ಕಡೆ ಕಳೆಯದೆ ಬಿಟ್ಟದ್ದರಿಂದ 78,000 ಮಧ್ಯದಲ್ಲಿ ಸೋರಿಹೋಗಿದೆ. ಆದ್ದರಿಂದ ಹೊಸ ಕಂಪನಿಯ ಎಚ್‌ಆರ್ ಜೊತೆ ವಾದಿಸುವುದಕ್ಕಿಂತ, ಇನ್ನೂ ಬರದಿರುವ ಆ ಫಾರ್ಮ್ 16ರ ಕಡೆ ಗಮನ ಕೊಡುವುದು ನಿಮಗೆ ಲಾಭ.

ಮೊದಲು, ಇದು ಏಕೆ ಸಂಬಳವಾಗುತ್ತದೆ ಎಂಬುದನ್ನು ನೋಡೋಣ. ಕಂಪನಿಯ ಕೆಲಸಕ್ಕೆಂದು ನೀವು ಪ್ರಯಾಣ ಮಾಡಿ, ಟಿಕೆಟ್ ಹಣವನ್ನು ನಂತರ ಪಡೆದರೆ ಅದು ಆದಾಯವಲ್ಲ, ಏಕೆಂದರೆ ಆ ಖರ್ಚು ಮೊದಲಿನಿಂದಲೂ ಕಂಪನಿಯದು, ನೀವು ಕೈಯಿಂದ ಹಾಕಿದ್ದಿರಿ ಅಷ್ಟೆ. ನೋಟಿಸ್ ಹಣ ಹಾಗಲ್ಲ. 90 ದಿನ ಮೊದಲೇ ತಿಳಿಸುತ್ತೇನೆ, ಇಲ್ಲದಿದ್ದರೆ ಹಣ ಕಟ್ಟುತ್ತೇನೆ ಎಂದು ಹಳೆಯ ಕಂಪನಿಗೆ ಮಾತು ಕೊಟ್ಟವರು ನೀವು, ಹೊಸ ಕಂಪನಿಗೆ ಆ ಒಪ್ಪಂದದಲ್ಲಿ ಯಾವ ಪಾತ್ರವೂ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 17(2)ರಲ್ಲಿ, ಉದ್ಯೋಗಿಯೇ ತೀರಿಸಬೇಕಾಗಿದ್ದ ಹೊಣೆಯೊಂದನ್ನು ಅವನ ಪರವಾಗಿ ಉದ್ಯೋಗದಾತ ತೀರಿಸಿದರೆ ಆ ಮೊತ್ತ ಪರ್ಕ್ವಿಸಿಟ್, ಅಂದರೆ ಸಂಬಳದ ಜೊತೆಗಿನ ಸವಲತ್ತು, ಎಂದು ನೇರವಾಗಿಯೇ ಹೇಳಿದೆ. ಸೆಕ್ಷನ್ 17(3)ರಲ್ಲಿ ಇನ್ನೊಂದು ಬಲೆ ಇದೆ: ಒಬ್ಬರ ಬಳಿ ಕೆಲಸಕ್ಕೆ ಸೇರುವ ಮೊದಲೇ ಅವರಿಂದ ಬಂದ ಹಣವೂ ಸಂಬಳದ ಬದಲಿಗೆ ಬಂದ ಲಾಭ ಎಂದು ಎಣಿಕೆಯಾಗುತ್ತದೆ. ಆದ್ದರಿಂದ ಹಣ ಸೇರುವ ಮುಂಚೆ ಬಂದರೂ, ಸೇರಿದ ಮೇಲೆ ಬಂದರೂ, ನಿಮ್ಮ ಖಾತೆಗೆ ಬಂದರೂ, ಹಳೆಯ ಕಂಪನಿಯ ಖಾತೆಗೆ ನೇರವಾಗಿ ಹೋದರೂ ಫಲ ಒಂದೇ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬರುವುದರಿಂದ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ. ಆದರೆ ನಿಮ್ಮ ಹಣ ಬಂದದ್ದು 2025-26ರ ಹಣಕಾಸು ವರ್ಷದಲ್ಲಿ, ಅದಕ್ಕೆ ಹಳೆಯ ಕಾಯ್ದೆಯೇ ಅನ್ವಯ.

ಪಾವತಿಯ ದಾರಿಗಳ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ತೆರಿಗೆಯ ವಿಷಯದಲ್ಲಿ ಇಲ್ಲಿಯೇ ಬಹಳ ಜನ ತಪ್ಪು ತಿಳಿದುಕೊಳ್ಳುತ್ತಾರೆ. ಹೆಚ್ಚಿನ ಕಂಪನಿಗಳು ನಿಮಗೆ ಮಾಡಿದಂತೆಯೇ ಮಾಡುತ್ತವೆ: ಹಣ ಮೊದಲು ನೀವು ಕಟ್ಟಬೇಕು, ಸೇರಿದ ಮೇಲೆ ರಿಲೀವಿಂಗ್ ಲೆಟರ್, ನೋಟಿಸ್ ಕಡಿತ ಕಾಣುವ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಪಟ್ಟಿ, ಬ್ಯಾಂಕ್ ಮೂಲಕ ಕಟ್ಟಿದ್ದರೆ ಅದರ ರಸೀದಿ, ಇಷ್ಟನ್ನು ಒಪ್ಪಿಸಬೇಕು. ಅದಾದ ಮೇಲೆ ಒಂದೆರಡು ತಿಂಗಳಲ್ಲಿ ಸಂಬಳದ ಜೊತೆ ಪ್ರತ್ಯೇಕ ಸಾಲಿನಲ್ಲಿ ಹಣ ಬರುತ್ತದೆ. ಕೆಲವು ಕಂಪನಿಗಳು ಅದನ್ನು ಜಾಯಿನಿಂಗ್ ಬೋನಸ್ ಎಂಬ ಹೆಸರಿನಲ್ಲಿ ಕೊಡುತ್ತವೆ. ಹೆಸರು ಬದಲಾದರೂ ತೆರಿಗೆ ಬದಲಾಗುವುದಿಲ್ಲ. ಇನ್ನು ಕೆಲವರು ಎಚ್‌ಆರ್ ಮುಂದೆ ಒಂದು ಉಪಾಯ ಇಡುತ್ತಾರೆ: ಹಣವನ್ನು ನನಗೆ ಕೊಡಬೇಡಿ, ಹಳೆಯ ಕಂಪನಿಗೇ ನೇರವಾಗಿ ಕಟ್ಟಿಬಿಡಿ, ನನ್ನ ಕೈಗೇ ಬರದ ಹಣಕ್ಕೆ ತೆರಿಗೆ ಎಲ್ಲಿಯದು ಎಂದು. ಮೇಲೆ ಹೇಳಿದ ಹೊಣೆ ತೀರಿಸುವ ನಿಯಮ ಬರೆದದ್ದೇ ಇಂಥ ಸಂದರ್ಭಕ್ಕಾಗಿ. ಕಂಪನಿ ನೇರವಾಗಿ ಕಟ್ಟಿದ 3 ಲಕ್ಷವನ್ನು ಪರ್ಕ್ವಿಸಿಟ್ ಎಂದು ತೋರಿಸಿ, ಅದರ ಟಿಡಿಎಸ್ಸನ್ನು ನಿಮ್ಮ ಮಾಮೂಲಿ ಸಂಬಳದಿಂದ ಹಿಡಿಯುತ್ತದೆ. ಆ ತಿಂಗಳು ಕೈಗೆ ಬರುವ ಸಂಬಳ ಏಕಾಏಕಿ 78,000 ಇಳಿದು, ಉದ್ಯೋಗಿ ಗಾಬರಿಯಾಗುತ್ತಾನೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನೇರ ಪಾವತಿಯಾದರೆ ಹಳೆಯ ಸಂಬಳದಿಂದ ಏನೂ ಕಡಿತವಾಗಿರುವುದಿಲ್ಲ, ಹಾಗಾಗಿ ನಾನು ಮುಂದೆ ಹೇಳಲಿರುವ ಪರಿಹಾರದ ಬಾಗಿಲೂ ಮುಚ್ಚಿಹೋಗುತ್ತದೆ. ನನ್ನನ್ನು ಕೇಳಿದರೆ, ಎರಡರಲ್ಲಿ ಆಯ್ಕೆ ಇದ್ದಾಗ ಮೊದಲು ಕೈಯಿಂದ ಹಾಕುವ ಕಷ್ಟವಿದ್ದರೂ ನೀವು ಹೋದ ದಾರಿಯೇ ಮೇಲು.

ಈಗ 78,000 ಹೇಗೆ ಬಂತು ಎಂಬುದನ್ನು ಬಿಡಿಸಿ ನೋಡೋಣ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆಯ ಕಂಪನಿಯಲ್ಲಿ ಆರು ತಿಂಗಳ ಸಂಬಳ 9 ಲಕ್ಷ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹೊಸ ಕಂಪನಿಯಲ್ಲಿ 12 ಲಕ್ಷ, ಒಟ್ಟು 21 ಲಕ್ಷ. ಹೊಸ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ತೆರಿಗೆಗೆ ಒಳಪಡುವ ಆದಾಯ 20,25,000. ಮರುಪಾವತಿಯ 3 ಲಕ್ಷ ಸೇರಿದಾಗ ಅದು 23,25,000 ಆಗುತ್ತದೆ. 2025-26ರಲ್ಲಿ 20 ಲಕ್ಷದಿಂದ 24 ಲಕ್ಷದವರೆಗಿನ ಸ್ಲ್ಯಾಬ್‌ಗೆ ತೆರಿಗೆ ಶೇ 25, ಅದರ ಮೇಲೆ ಶೇ 4ರ ಸೆಸ್, ಒಟ್ಟಿಗೆ ಶೇ 26. ನಿಮ್ಮ 3 ಲಕ್ಷ ಪೂರ್ತಿಯಾಗಿ ಈ ಒಂದೇ ಸ್ಲ್ಯಾಬ್‌ನೊಳಗೆ ಬೀಳುತ್ತದೆ, ಆದ್ದರಿಂದ ಅದರ ತೆರಿಗೆ 78,000. ವರ್ಷದ ಒಟ್ಟು ತೆರಿಗೆ ಮರುಪಾವತಿ ಇಲ್ಲದಿದ್ದರೆ 2,14,500 ಇರುತ್ತಿತ್ತು, ಈಗ 2,92,500. ಸಂಬಳಕ್ಕೆ ವರ್ಷದ ಸರಾಸರಿ ದರದಲ್ಲಿ ಟಿಡಿಎಸ್ ಹಿಡಿಯಬೇಕೆಂಬುದು ನಿಯಮವಾದರೂ, ಒಮ್ಮೆ ಮಾತ್ರ ಬರುವ ಇಂಥ ಮೊತ್ತದ ತೆರಿಗೆಯನ್ನು ಪೇರೋಲ್‌ನವರು ಅದೇ ತಿಂಗಳಲ್ಲಿ ಪೂರ್ತಿ ಹಿಡಿದುಬಿಡುವುದು ರೂಢಿ. ವರ್ಷದ ಕೊನೆಗೆ ಮೊತ್ತ ಒಂದೇ ಆಗುವುದರಿಂದ ಅದರಲ್ಲಿ ನಿಮಗೆ ನಷ್ಟವೇನಿಲ್ಲ.

ನಿಮ್ಮ ಕಂಪನಿ ಸರಿಯಾಗಿ 78,000 ಹಿಡಿದಿದೆ ಎಂದರೆ, ಸೇರಿದಾಗ ನೀವು ಫಾರ್ಮ್ 12ಬಿಯಲ್ಲಿ ಹಳೆಯ ಸಂಬಳದ ವಿವರ ಕೊಟ್ಟಿದ್ದೀರಿ ಎಂದು ನಾನು ಊಹಿಸುತ್ತೇನೆ. ಅದು ಒಳ್ಳೆಯದಾಯಿತು. ಈ ವಿವರ ಕೊಡುವುದು ಉದ್ಯೋಗಿಯ ಇಚ್ಛೆಗೆ ಬಿಟ್ಟದ್ದಾದ್ದರಿಂದ ಅನೇಕರು ಕೊಡುವುದೇ ಇಲ್ಲ. ಕೊಡದಿದ್ದಾಗ ಹೊಸ ಕಂಪನಿ ತನ್ನ 12 ಲಕ್ಷಕ್ಕೆ ಮರುಪಾವತಿಯ 3 ಲಕ್ಷ ಮಾತ್ರ ಸೇರಿಸಿ, ಸ್ಲ್ಯಾಬ್‌ಗಳನ್ನು ಸೊನ್ನೆಯಿಂದ ಶುರುಮಾಡಿ, ವರ್ಷಕ್ಕೆ 97,500 ಹಿಡಿದು ಸುಮ್ಮನಾಗುತ್ತದೆ. ಹಳೆಯ ಕಂಪನಿ ವರ್ಷವಿಡೀ ಇದೇ ಸಂಬಳ ಎಂದುಕೊಂಡು ಆಗಸ್ಟ್‌ವರೆಗೆ ಹಿಡಿದಿರಬಹುದಾದ ಸುಮಾರು 63,000 ಸೇರಿದರೂ, ನಿಜವಾಗಿ ಕಟ್ಟಬೇಕಾದ 2,92,500ಕ್ಕೆ ಸುಮಾರು 1,32,000 ಕಡಿಮೆ ಬೀಳುತ್ತದೆ. ಆಗ ಮರುಪಾವತಿ ಪೂರ್ತಿಯಾಗಿ, ಚೆನ್ನಾಗಿಯೇ ಬಂತೆಂದು ಖುಷಿಪಟ್ಟವರು ಜುಲೈನಲ್ಲಿ ರಿಟರ್ನ್ ತುಂಬುವಾಗ ಆ ಬಾಕಿಯನ್ನು ಬಡ್ಡಿಸಮೇತ ಕಟ್ಟುತ್ತಾರೆ. ಈ ಉತ್ತರ ಓದುತ್ತಿರುವವರಲ್ಲಿ ಯಾರಾದರೂ 12ಬಿ ಕೊಟ್ಟಿರದಿದ್ದರೆ, ಮಾರ್ಚ್ 15ರೊಳಗೆ ಆ ಅಂತರವನ್ನು ಮುಂಗಡ ತೆರಿಗೆಯಾಗಿ ಕಟ್ಟಿಬಿಟ್ಟರೆ ಬಡ್ಡಿಯ ಹೊರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಇಲ್ಲಿಗೆ ಬಂದ ಹಣದ ಕಥೆ ಮುಗಿಯಿತು. ಕಷ್ಟದ ಭಾಗ ಹೋದ ಹಣದ್ದು.

ಸಂಬಳದಿಂದ ಏನೇನು ಕಳೆಯಬಹುದು ಎಂಬುದನ್ನು ಸೆಕ್ಷನ್ 16 ಪಟ್ಟಿ ಮಾಡಿದೆ, ಆ ಪಟ್ಟಿ ಬಹಳ ಚಿಕ್ಕದು: ಸ್ಟ್ಯಾಂಡರ್ಡ್ ಡಿಡಕ್ಷನ್, ಸರ್ಕಾರಿ ನೌಕರರ ಮನರಂಜನಾ ಭತ್ಯೆ, ವೃತ್ತಿ ತೆರಿಗೆ. ಹೊಸ ಪದ್ಧತಿಯಲ್ಲಿ ಅದರಲ್ಲೂ ಉಳಿಯುವುದು ಮೊದಲನೆಯದು ಮಾತ್ರ. ನೋಟಿಸ್ ಹಣಕ್ಕೆ ಅಲ್ಲಿ ಜಾಗವಿಲ್ಲ. ಇದರ ಜೊತೆಗೆ ಸೆಕ್ಷನ್ 15ರ ಪ್ರಕಾರ ಸಂಬಳಕ್ಕೆ ತೆರಿಗೆ ಬೀಳುವುದು ಅದು ಕೈಗೆ ಬಂದಾಗಲೇ ಎಂದೇನಿಲ್ಲ, ಬರಬೇಕಾದ ಹಕ್ಕು ಹುಟ್ಟಿದರೆ ಸಾಕು. ಇಲಾಖೆಯ ವಾದ ಈ ಎರಡರ ಮೇಲೆ ನಿಂತಿದೆ: ಸೆಪ್ಟೆಂಬರ್ ತಿಂಗಳು ನೀವು ದುಡಿದಿರಿ, ಒಂದೂವರೆ ಲಕ್ಷ ಸಂಬಳ ನಿಮ್ಮದಾಯಿತು, ಆಮೇಲೆ ಅದನ್ನು ನಿಮ್ಮ ಸಾಲ ತೀರಿಸಲು ಬಳಸಿದಿರಿ. ಆದಾಯ ಬಂದ ಮೇಲೆ ಅದನ್ನು ಎಲ್ಲಿ ಖರ್ಚು ಮಾಡಿದಿರಿ ಎಂಬುದು ತೆರಿಗೆಗೆ ಸಂಬಂಧಿಸಿದ್ದಲ್ಲ. ಹೆಚ್ಚಿನ ಪೇರೋಲ್ ವಿಭಾಗಗಳು ಈ ನಿಲುವನ್ನೇ ಅನುಸರಿಸಿ, ಫಾರ್ಮ್ 16ರಲ್ಲಿ ಪೂರ್ತಿ 9 ಲಕ್ಷವನ್ನೇ ತೋರಿಸುತ್ತವೆ. ನೋಟಿಸ್ ಕಡಿತ ಸೆಟಲ್‌ಮೆಂಟ್ ಪಟ್ಟಿಯಲ್ಲಿ ಕಾಣುತ್ತದೆ, ಫಾರ್ಮ್ 16ರಲ್ಲಿ ಕಾಣುವುದಿಲ್ಲ.

ಇದಕ್ಕೆ ವಿರುದ್ಧವಾದ ನಿಲುವೂ ಇದೆ, ಅದು ಬರೀ ವಾದವಲ್ಲ. 2017ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಅಹಮದಾಬಾದ್ ಪೀಠದ ಮುಂದೆ ಸರಿಯಾಗಿ ಇಂಥದ್ದೇ ಪ್ರಕರಣ ಬಂದಿತ್ತು. ಕೆಲಸ ಬಿಟ್ಟ ಉದ್ಯೋಗಿಯೊಬ್ಬರ ಸಂಬಳದಿಂದ ಹಿಂದಿನ ಉದ್ಯೋಗದಾತರು ನೋಟಿಸ್ ಹಣ ಕಡಿತ ಮಾಡಿದ್ದರು, ಅವರು ರಿಟರ್ನ್‌ನಲ್ಲಿ ಆ ಮೊತ್ತ ಕಳೆದು ಉಳಿದದ್ದನ್ನಷ್ಟೇ ಆದಾಯ ಎಂದು ತೋರಿಸಿದ್ದರು. ತೆರಿಗೆ ಅಧಿಕಾರಿ ಒಪ್ಪಲಿಲ್ಲ, ಮೊದಲ ಮೇಲ್ಮನವಿಯಲ್ಲೂ ಆ ಉದ್ಯೋಗಿ ಸೋತರು. ನ್ಯಾಯಮಂಡಳಿ ಮಾತ್ರ, ತೆರಿಗೆ ಬೀಳಬೇಕಾದದ್ದು ನಿಜವಾಗಿ ಬಂದ ಸಂಬಳಕ್ಕೆ, ಕಡಿತವಾದ ಭಾಗ ಅವರ ಆದಾಯವೇ ಅಲ್ಲ ಎಂದು ಅವರ ಪರವಾಗಿ ತೀರ್ಪು ಕೊಟ್ಟಿತು. ಅಂದರೆ ಇದು ಸೆಕ್ಷನ್ 16ರ ಅಡಿ ಕೇಳುವ ವಿನಾಯಿತಿಯಲ್ಲ, ಆದಾಯ ಎಷ್ಟು ಎಂಬ ಮೂಲ ಪ್ರಶ್ನೆಗೇ ಕೊಡುವ ಉತ್ತರ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ವಿನಾಯಿತಿ ಎಂದು ಕೇಳಿದರೆ ಕಾಯ್ದೆಯಲ್ಲಿ ಸಾಲೇ ಇಲ್ಲ ಎಂದು ಅಲ್ಲೇ ತಳ್ಳಿಹಾಕುತ್ತಾರೆ.

ಈ ತೀರ್ಪಿನ ಮಿತಿಗಳನ್ನೂ ತಿಳಿದಿರಬೇಕು. ಅದು ಒಂದು ಪೀಠದ ತೀರ್ಪು, ಬೇರೆ ಪೀಠಗಳು ಅದನ್ನು ಗೌರವದಿಂದ ನೋಡುತ್ತವೆಯೇ ಹೊರತು ಹೈಕೋರ್ಟ್ ತೀರ್ಪಿನಷ್ಟು ಅದಕ್ಕೆ ಕಟ್ಟುಬೀಳುವುದಿಲ್ಲ. ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ಆ ಪ್ರಕರಣದಲ್ಲಿ ಹಣ ಸಂಬಳದಿಂದಲೇ ಕಡಿತವಾಗಿತ್ತು. ನಿಮ್ಮದರಲ್ಲಿ ಅರ್ಧ ಹಾಗಾಗಿದೆ, ಇನ್ನರ್ಧ ನಿಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಹೋಗಿದೆ. ಸೆಪ್ಟೆಂಬರ್ ಸಂಬಳ ನನಗೆ ಬರಲೇ ಇಲ್ಲ ಎಂದು ನೀವು ಧೈರ್ಯವಾಗಿ ಹೇಳಬಹುದು. ಆದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಸಂಬಳ ಬಂದಿತ್ತು, ಅದರಲ್ಲಿ ಒಂದಿಷ್ಟನ್ನು ಆಮೇಲೆ ಹಿಂದಿರುಗಿಸಿದೆ ಎಂದು ಹೇಳುವಾಗ ವಾದ ಸ್ವಲ್ಪ ತೆಳುವಾಗುತ್ತದೆ. ಎರಡೂ ಒಂದೇ ಒಪ್ಪಂದದ, ಒಂದೇ ಸೆಟಲ್‌ಮೆಂಟ್‌ನ ಭಾಗ ಎಂದು ವಾದಿಸಲು ಅವಕಾಶವಿದೆ. ಆದರೂ ಮೊದಲ ಒಂದೂವರೆ ಲಕ್ಷಕ್ಕೆ ಇರುವಷ್ಟು ಬಲ ಎರಡನೆಯದಕ್ಕೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಈಗ ಏನು ಮಾಡಬೇಕು? ಫಾರ್ಮ್ 16 ಇನ್ನೂ ಬಂದಿಲ್ಲ ಎಂಬ ನಿಮ್ಮ ಕೊನೆಯ ಸಾಲು ನನಗೆ ಬಹಳ ಮುಖ್ಯವಾಗಿ ಕಂಡಿತು. ಕಂಪನಿಗಳು ವರ್ಷದ ಕೊನೆಯ ತ್ರೈಮಾಸಿಕದ ಟಿಡಿಎಸ್ ವಿವರವನ್ನು, ಅಂದರೆ ಪ್ರತಿ ಉದ್ಯೋಗಿಯ ವರ್ಷದ ಸಂಬಳದ ಪೂರ್ತಿ ಲೆಕ್ಕವನ್ನು, ಮೇ 31ರೊಳಗೆ ಸಲ್ಲಿಸುತ್ತವೆ, ಫಾರ್ಮ್ 16 ಜೂನ್ 15ರೊಳಗೆ ಕೊಡಬೇಕು. ಅದಕ್ಕೂ ಮೊದಲೇ ಹಳೆಯ ಕಂಪನಿಯ ಪೇರೋಲ್‌ಗೆ ಇಮೇಲ್ ಬರೆಯಿರಿ. ನೋಟಿಸ್ ಬಾಬ್ತು ಕಡಿತವಾದ ಮೊತ್ತವನ್ನು ಸೆಕ್ಷನ್ 17(1)ರ ಸಂಬಳದಿಂದ ಕಳೆದು ತೋರಿಸಿ ಎಂದು ಕೇಳಿ, ಸೆಟಲ್‌ಮೆಂಟ್ ಪಟ್ಟಿಯನ್ನು ಲಗತ್ತಿಸಿ. ಕೆಲವು ಕಂಪನಿಗಳು ಕೇಳದೆಯೇ ಹೀಗೆ ಮಾಡುತ್ತವೆ, ಕೆಲವು ಕೇಳಿದರೆ ಒಪ್ಪುತ್ತವೆ, ಉಳಿದವು ನಮ್ಮಲ್ಲಿ ಹಾಗೆ ಮಾಡುವ ಪದ್ಧತಿ ಇಲ್ಲ ಎಂದು ಒಂದೇ ಸಾಲಿನ ಉತ್ತರ ಕಳಿಸುತ್ತವೆ. ಒಪ್ಪಿದರೆ ನಿಮ್ಮ ಕೆಲಸ ಬಹುತೇಕ ಆದಂತೆಯೇ. ಫಾರ್ಮ್ 16ರ ಬಿ ಭಾಗದಲ್ಲಿ 9 ಲಕ್ಷದ ಬದಲು 6 ಲಕ್ಷ ಬಂದರೆ ನಿಮ್ಮ ತೆರಿಗೆಯ ಆದಾಯ ಮತ್ತೆ 20,25,000ಕ್ಕೆ ಇಳಿಯುತ್ತದೆ, ಹೆಚ್ಚಾಗಿ ಹೋದ 78,000 ರೀಫಂಡ್ ಆಗಿ ಬರುತ್ತದೆ. ಸಂಬಳದಿಂದ ಹಿಡಿದ ಭಾಗವನ್ನು ಮಾತ್ರ ಕಳೆದರೆ 7.5 ಲಕ್ಷ ಕಾಣುತ್ತದೆ, ಆಗ 39,000 ವಾಪಸ್.

ಒಪ್ಪದಿದ್ದರೆ ನಿರ್ಧಾರ ನಿಮ್ಮ ಮೇಲೆ ಬೀಳುತ್ತದೆ. ರಿಟರ್ನ್ ಫಾರ್ಮ್‌ನಲ್ಲಿ ನೋಟಿಸ್ ಹಣಕ್ಕೆಂದು ಪ್ರತ್ಯೇಕ ಅಂಕಣವಿಲ್ಲ, ಆದ್ದರಿಂದ ಕಳೆಯಬೇಕಾದರೆ 17(1)ರ ಸಂಬಳವನ್ನೇ ಕಡಿಮೆ ಬರೆಯಬೇಕು. ಹಾಗೆ ಬರೆದ ಕ್ಷಣ ನಿಮ್ಮ ಅಂಕಿ ಫಾರ್ಮ್ 16ಕ್ಕೂ, ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ಗೂ ಹೊಂದುವುದಿಲ್ಲ. ಈ ಹೊಂದದಿರುವಿಕೆಯನ್ನು ಇಲಾಖೆ ಪ್ರಶ್ನಿಸಬಹುದು, ಪ್ರಶ್ನಿಸದೆಯೂ ಬಿಡಬಹುದು. ಪ್ರಶ್ನಿಸಿದಾಗ ತೋರಿಸಲು ಏನಿರಬೇಕು ಎಂದರೆ, ನೋಟಿಸ್ ಷರತ್ತು ಇರುವ ಹಳೆಯ ನೇಮಕಾತಿ ಪತ್ರ, ಕಡಿತದ ಸಾಲು ಇರುವ ಸೆಟಲ್‌ಮೆಂಟ್ ಪಟ್ಟಿ, ಸೆಪ್ಟೆಂಬರ್ ಸಂಬಳ ಜಮೆಯಾಗಿಲ್ಲ ಎಂದೂ ಒಂದೂವರೆ ಲಕ್ಷ ನೀವು ಕಟ್ಟಿದ್ದೀರಿ ಎಂದೂ ಹೇಳುವ ಬ್ಯಾಂಕ್ ಪಟ್ಟಿ, ಮತ್ತು ಇದನ್ನು ಬಹಳ ಜನ ಮರೆಯುತ್ತಾರೆ, ಹೊಸ ಕಂಪನಿಯ ನವೆಂಬರ್ ಪೇಸ್ಲಿಪ್. ಅಧಿಕಾರಿ ಖಂಡಿತ ಕೇಳುವ ಪ್ರಶ್ನೆ, ಆ ಹಣ ನಿಮಗೆ ವಾಪಸ್ ಬಂದಿದೆಯಲ್ಲ, ಮತ್ತೆ ಕಳೆಯುವುದೇಕೆ ಎಂಬುದು. ವಾಪಸ್ ಬಂದ 3 ಲಕ್ಷವನ್ನು ಪೂರ್ತಿಯಾಗಿ ಸಂಬಳಕ್ಕೆ ಸೇರಿಸಿ ತೆರಿಗೆ ಕಟ್ಟಿದ್ದೇನೆ, ನೋಡಿ ಎಂದು ಹೇಳಲು ಆ ಪೇಸ್ಲಿಪ್ ಬೇಕು. ಮರುಪಾವತಿಯನ್ನು ಆದಾಯದಲ್ಲಿ ತೋರಿಸದೆ, ಕಡಿತವನ್ನೂ ಕಳೆಯಲು ಹೋದರೆ ಮಾತ್ರ ಅದು ಎರಡು ಕಡೆ ತಿಂದಂತೆ. ಅದಕ್ಕೆ ಯಾವ ತೀರ್ಪಿನ ಬೆಂಬಲವೂ ಸಿಗುವುದಿಲ್ಲ.

ಸೋತರೆ ಏನಾಗುತ್ತದೆ ಎಂಬುದನ್ನೂ ಮೊದಲೇ ಎಣಿಸಿಕೊಳ್ಳಿ. ತೆರಿಗೆ 78,000, ಅದಕ್ಕೆ ಬಡ್ಡಿ, ಮತ್ತು ಆದಾಯ ಕಡಿಮೆ ತೋರಿಸಿದ್ದಕ್ಕೆ ಸೆಕ್ಷನ್ 270ಎ ಅಡಿ ಆ ತೆರಿಗೆಯ ಶೇ 50ರಷ್ಟು ದಂಡದ ಭಯ. ಕಾರಣ ಪ್ರಾಮಾಣಿಕವಾಗಿದ್ದು ಸಂಗತಿಗಳನ್ನು ಮುಚ್ಚಿಡದೆ ಮುಂದಿಟ್ಟಿದ್ದರೆ ದಂಡದಿಂದ ಪಾರಾಗಲು ಅದೇ ಸೆಕ್ಷನ್‌ನಲ್ಲಿ ಅವಕಾಶವಿದೆ. ನೋಟಿಸ್‌ಗೆ ಉತ್ತರ ಬರೆಯುವ, ಬೇಕಾದರೆ ಮೇಲ್ಮನವಿಗೆ ಹೋಗುವ ತಾಳ್ಮೆ ನಿಮಗಿದ್ದರೆ, ಸಂಬಳದಿಂದ ಹಿಡಿದ ಒಂದೂವರೆ ಲಕ್ಷವನ್ನು ಕಳೆದು ತೋರಿಸಿ, ಬ್ಯಾಂಕ್ ಮೂಲಕ ಕಟ್ಟಿದ ಭಾಗವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತೇನೆ. ಅಷ್ಟು ತಾಳ್ಮೆ ಇಲ್ಲದವರು ತೆರಿಗೆ ಕಟ್ಟಿ ನೆಮ್ಮದಿಯಾಗಿರುವುದೂ ತಪ್ಪು ನಿರ್ಧಾರವೇನಲ್ಲ. ಒಂದು ವಿಷಯದಲ್ಲಿ ನೀವು ಅದೃಷ್ಟವಂತರು: ಕಡಿತವೂ ಮರುಪಾವತಿಯೂ ಒಂದೇ ಹಣಕಾಸು ವರ್ಷದಲ್ಲಿ ಆಗಿವೆ. ಮಾರ್ಚ್‌ನಲ್ಲಿ ಕೆಲಸ ಬಿಟ್ಟು ಮೇನಲ್ಲಿ ಮರುಪಾವತಿ ಪಡೆದವರಿಗೆ ಕಡಿತ ಒಂದು ವರ್ಷದ ರಿಟರ್ನ್‌ನಲ್ಲಿ, ಆದಾಯ ಮುಂದಿನ ವರ್ಷದ ರಿಟರ್ನ್‌ನಲ್ಲಿ ಬಂದು, ಎರಡನ್ನೂ ಜೋಡಿಸಿ ವಿವರಿಸುವುದು ಇನ್ನಷ್ಟು ತ್ರಾಸ.

ಸೆಟಲ್‌ಮೆಂಟ್ ಪಟ್ಟಿ ಕೈಯಲ್ಲಿರುವಾಗಲೇ ಅದರಲ್ಲಿ ಜಿಎಸ್‌ಟಿ ಎಂಬ ಸಾಲು ಇದೆಯೇ ಎಂದೂ ಒಮ್ಮೆ ನೋಡಿ. ನೋಟಿಸ್ ಹಣದ ಮೇಲೆ ಶೇ 18 ಜಿಎಸ್‌ಟಿ ಹಾಕುವ ಪರಿಪಾಠ ಕೆಲವು ವರ್ಷ ಇತ್ತು. ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ, ಅವಧಿಗೆ ಮುನ್ನ ಕೆಲಸ ಬಿಟ್ಟದ್ದಕ್ಕೆ ವಸೂಲಿ ಮಾಡುವ ಹಣ ಯಾವ ಸೇವೆಯ ಬೆಲೆಯೂ ಅಲ್ಲ, ಅದಕ್ಕೆ ಜಿಎಸ್‌ಟಿ ಇಲ್ಲ ಎಂದು ಸ್ಪಷ್ಟಪಡಿಸಿದೆ. ಆ ಸಾಲು ಇದ್ದರೆ ಸುತ್ತೋಲೆಯ ಸಂಖ್ಯೆ 178/10/2022 ಎಂದು ನಮೂದಿಸಿ ವಾಪಸ್ ಕೇಳಬಹುದು.

ಕೆಲಸ ಬದಲಿಸಲು ಹೊರಟಿರುವ ಬೇರೆ ಓದುಗರಿಗೆ ಒಂದು ಮಾತು. ಪೂರ್ತಿ ಮರುಪಾವತಿ ಎಂಬ ಪದವನ್ನು ಆಫರ್ ಲೆಟರ್‌ನಲ್ಲಿ ನೋಡಿದಾಗ, ಅದು ತೆರಿಗೆಗೆ ಮುಂಚಿನ ಮೊತ್ತವೋ ತೆರಿಗೆ ಕಳೆದ ಮೇಲಿನದೋ ಎಂದು ಸಹಿ ಹಾಕುವ ಮೊದಲೇ ಕೇಳಬೇಕು. ಏನೂ ಹೇಳದಿದ್ದರೆ ಅದು ತೆರಿಗೆಗೆ ಮುಂಚಿನದೇ. ಈ ಪ್ರಶ್ನೆ ಕೇಳಿದವರಿಗೆ ಕೈಗೆ 3 ಲಕ್ಷವೇ ಉಳಿಯಬೇಕಾಗಿದ್ದರೆ ಕಂಪನಿ ಸುಮಾರು 4,07,700 ಕೊಡಬೇಕಾಗುತ್ತಿತ್ತು. ಹೆಚ್ಚುವರಿ ಹಣಕ್ಕೂ ತೆರಿಗೆ ಬೀಳುತ್ತದೆ, ಅದರಲ್ಲಿ ಸ್ವಲ್ಪ ಭಾಗ 24 ಲಕ್ಷ ದಾಟಿ ಶೇ 30ರ ಸ್ಲ್ಯಾಬ್‌ಗೆ ಹೋಗುತ್ತದೆ, ಹಾಗಾಗಿ ಮೊತ್ತ ಅಷ್ಟಕ್ಕೆ ಏರುತ್ತದೆ. ಕಂಪನಿಗಳು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಆದರೆ ಸೇರುವ ದಿನಾಂಕ ಹತ್ತಿರವಿದ್ದು ಅವರಿಗೇ ಅವಸರವಿದ್ದಾಗ, ತೆರಿಗೆಯ ಭಾಗವನ್ನು ಜಾಯಿನಿಂಗ್ ಬೋನಸ್ ಎಂದು ಸೇರಿಸಿ ಕೊಟ್ಟ ಉದಾಹರಣೆಗಳನ್ನು ನಾನು ನೋಡಿದ್ದೇನೆ. ಹಾಗೆಯೇ ಹಳೆಯ ನೇಮಕಾತಿ ಪತ್ರದಲ್ಲಿ ನೋಟಿಸ್ ಹಣದ ಲೆಕ್ಕ ಮೂಲ ವೇತನದ ಮೇಲೋ ಒಟ್ಟು ಸಂಬಳದ ಮೇಲೋ ಎಂಬುದನ್ನೂ ಓದಿಕೊಳ್ಳಿ. ಹಳೆಯ ಕಂಪನಿ ಒಟ್ಟು ಸಂಬಳದ ಮೇಲೆ ಹಿಡಿದು, ಹೊಸ ಕಂಪನಿ ಮೂಲ ವೇತನದ ಲೆಕ್ಕದಲ್ಲಿ ಮಾತ್ರ ಕೊಟ್ಟರೆ ಅರ್ಧ ಹಣವೇ ಕೈಬಿಡಬಹುದು.

ನಿಮ್ಮ ಆಫರ್ ಲೆಟರ್‌ನಲ್ಲಿ ಇಂತಿಷ್ಟು ತಿಂಗಳೊಳಗೆ ಕೆಲಸ ಬಿಟ್ಟರೆ ಬೈಔಟ್ ಹಣ ಹಿಂದಿರುಗಿಸಬೇಕು ಎಂಬ ಷರತ್ತು ಬಹುಶಃ ಇದ್ದೇ ಇರುತ್ತದೆ. 12 ಅಥವಾ 24 ತಿಂಗಳು ಎಂದು ಬರೆಯುವುದು ಸಾಮಾನ್ಯ. ಅದರಲ್ಲಿ ಎರಡು ವಿಷಯ ನೋಡಿ. ಒಂದು, ಹಿಂದಿರುಗಿಸಬೇಕಾದದ್ದು ಕೈಗೆ ಬಂದ 2,22,000ವೋ ಅಥವಾ ಪೂರ್ತಿ 3 ಲಕ್ಷವೋ. ಬಹಳಷ್ಟು ಪತ್ರಗಳಲ್ಲಿ ಪೂರ್ತಿ ಮೊತ್ತ ಎಂದೇ ಇರುತ್ತದೆ. ಇನ್ನೊಂದು, ಕೆಲಸ ಮಾಡಿದ ತಿಂಗಳುಗಳಿಗೆ ತಕ್ಕಂತೆ ಮೊತ್ತ ಇಳಿಯುತ್ತದೆಯೋ, ಅಥವಾ ಹನ್ನೊಂದನೇ ತಿಂಗಳಲ್ಲಿ ಬಿಟ್ಟರೂ ಪೂರ್ತಿ ಕಟ್ಟಬೇಕೋ. 2026ರ ಮಾರ್ಚ್ 31ರೊಳಗೆ ಹಿಂದಿರುಗಿಸಿದರೆ ಕಂಪನಿಯ ಪೇರೋಲ್ ಅದೇ ವರ್ಷದ ಲೆಕ್ಕದಲ್ಲಿ ಆ ಆದಾಯವನ್ನೂ ತೆರಿಗೆಯನ್ನೂ ತಿದ್ದಿಕೊಳ್ಳಲು ಸಾಧ್ಯ. ಆ ದಿನ ದಾಟಿದ ಮೇಲೆ ಹಣ ನಿಮ್ಮ ಹೊಸ ಸಂಬಳದಿಂದ ಹೋಗುತ್ತದೆ, ಹಿಂದಿನ ವರ್ಷ ಅದಕ್ಕೆ ಕಟ್ಟಿದ 78,000 ಹಿಂದಿನ ವರ್ಷದಲ್ಲೇ ಉಳಿಯುತ್ತದೆ. ಆಗ ನಿಮಗೆ ಉಳಿಯುವ ವಾದ, ಅಹಮದಾಬಾದ್ ಪೀಠದ ಮುಂದೆ ಬಂದದ್ದೇ: ಸಂಬಳದಿಂದ ಕಡಿತವಾದದ್ದು ನನ್ನ ಆದಾಯವಲ್ಲ ಎಂಬುದು. ಅದಕ್ಕಾಗಿ ಅಂಥ ಸಂದರ್ಭ ಬಂದರೆ ಚೆಕ್ ಬರೆದುಕೊಡುವ ಬದಲು, ಕೊನೆಯ ಸಂಬಳದಿಂದಲೇ ಹಿಡಿದುಕೊಳ್ಳಿ, ಆ ಕಡಿತವನ್ನು ಪೇಸ್ಲಿಪ್‌ನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ ಎಂದು ಬರವಣಿಗೆಯಲ್ಲಿ ಕೇಳಿ.